ಈ ಸಲ ಎಷ್ಟು ಮನೆಗೆ ಎಳ್ಳು?

(ಸಂಕ್ರಾಂತಿಗೆ ಒಂದು ಕಿರುಚಿತ್ರ. ಅವಧಿ ಸುಮಾರು 9 ನಿಮಿಷ. ಜಾಗ: ಚನ್ನರಾಯಪಟ್ಟಣದ ಹತ್ತಿರದ ಒಂದು ಊರು, ಹಾಸನದ ಕಟ್ಟಿನಕೆರೆ ಮಾರುಕಟ್ಟೆ. ನಿರೂಪಣೆ: ಮನೆಯ ಸೊಸೆ.)

(ಜಗಲಿ. ಬೆಳಗಿನ ಬಿಸಿಲು. ಈಳಿಗೆ ಮಣೆ ಮುಂದೆ ಕೂತ ಅತ್ತೆಯ ಕೈ ಮಾತ್ರ ಕಾಣುತ್ತದೆ. ಅಚ್ಚು ಬೆಲ್ಲ ಸಣ್ಣ ಸಣ್ಣ ಚೂರಾಗಿ ತಟ್ಟೆಗೆ ಬೀಳುತ್ತಿದೆ.)

ನಿರೂಪಣೆ: ಹಬ್ಬಕ್ಕೆ ಇನ್ನೂ ಎಂಟು ದಿನ ಇದೆ. ನಮ್ಮತ್ತೆ ಆಗಲೇ ಈಳಿಗೆ ಮಣೆ ಹಾಕಿಕೊಂಡು ಕೂತಾಗಿದೆ. ಬೆಲ್ಲದ ಚೂರು ಹುರಿಗಡಲೆಗಿಂತ ದಪ್ಪ ಇರಬಾರದು. ಪುಡಿಯೂ ಆಗಬಾರದು. ದಪ್ಪ ಆದರೆ ಬಾಯಿಗೆ ಬರೀ ಬೆಲ್ಲ ಸಿಗುತ್ತೆ, ಪುಡಿ ಆದರೆ ಎಳ್ಳಿಗೆ ಮೆತ್ತಿಕೊಂಡು ಮುದ್ದೆಯಾಗುತ್ತೆ. ನಾನು ಹೆಚ್ಚಿದ್ದನ್ನು ಅವರು ಸುಮ್ನೆ ಒಮ್ಮೆ ನೋಡುತ್ತಾರೆ, ಆಮೇಲೆ ಬೇರೆ ತಟ್ಟೆಗೆ ಹಾಕುತ್ತಾರೆ. ಅದು ಪಾಯಸಕ್ಕಂತೆ.

ಅತ್ತೆ: ಕೊಬ್ಬರಿ ತಗೊಂಡು ಬಾರಮ್ಮ. ಬೆಲ್ಲ ನಂಗೇ ಇರಲಿ.

(ಕೊಬ್ಬರಿ ಗಿಟುಕಿನ ಕಪ್ಪು ಸಿಪ್ಪೆ ಹೆರೆಯುವುದು. ಹತ್ತಿರದ ಚಿತ್ರ.)

ನಿರೂಪಣೆ: ಕೊಬ್ಬರಿಗೆ ನಾವು ದೂರ ಹೋಗಬೇಕಿಲ್ಲ. ಅರಸೀಕೆರೆ, ತಿಪಟೂರು ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿರುತ್ತಾರೆ. ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಗ ಒಡೆದರೆ ಉಂಡೆ ಕೊಬ್ಬರಿ. ಅದರ ಕಪ್ಪು ಸಿಪ್ಪೆ ಹೆರೆದು, ಬೆಳ್ಳಗಿನ ಭಾಗವನ್ನು ಸಣ್ಣಗೆ ಹೆಚ್ಚಿ ಒಣಗಿಸುತ್ತೇವೆ.

ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಉಜ್ಜಿ ಕೇರಿ, ಎರಡು ಬೇಳೆ ಮಾಡಬೇಕು. ಹುರಿಗಡಲೆ ಅಂಗಡಿಯದ್ದೇ. ಇನ್ನು ಎಳ್ಳು. ಹಿಂದೆ ಅದನ್ನು ನೆನೆಸಿ, ಗೋಣಿಚೀಲದ ಮೇಲೆ ಹಾಕಿ ಉಜ್ಜಿ ಉಜ್ಜಿ ಸಿಪ್ಪೆ ಬಿಡಿಸುತ್ತಿದ್ದರು. ಈಗ ಬಿಳಿ ಎಳ್ಳು ಸಿಪ್ಪೆ ತೆಗೆದೇ ಬರುತ್ತೆ. ಬಾಣಲೆಗೆ ಹಾಕಿ, ಚಟಪಟ ಅನ್ನೋಕೆ ಶುರುವಾದ ಕೂಡಲೇ ಇಳಿಸಿದರೆ ಸಾಕು. ಅರೆ ನಿಮಿಷ ತಡವಾದರೂ ಕಹಿ. ಐದೂ ಪೂರ್ತಿ ಒಣಗಿ ಆರುವ ತನಕ ಬೆರೆಸುವ ಹಾಗಿಲ್ಲ. ಬೆಲ್ಲ ಬೆವರಿದರೆ ಹುರಿಗಡಲೆ ಮೆತ್ತಗಾಗುತ್ತೆ, ಇಡೀ ಡಬ್ಬಿ ಹಾಳು.

(ಕಟ್ಟಿನಕೆರೆ ಮಾರುಕಟ್ಟೆ. ಕಬ್ಬಿನ ಜಲ್ಲೆಗಳ ರಾಶಿ, ಸೊಗಡು ಅವರೆಕಾಯಿ, ಗೆಣಸು, ಎಲಚಿ ಹಣ್ಣು, ಸಕ್ಕರೆ ಅಚ್ಚಿನ ತಟ್ಟೆಗಳು.)

ನಿರೂಪಣೆ: ಹಾಸನದ ಮಾರುಕಟ್ಟೆಯಲ್ಲಿ ಜನವರಿ ಎರಡನೇ ವಾರ ನಡೆದಾಡೋಕೂ ಜಾಗ ಇರಲ್ಲ. ಹೊಲದಲ್ಲಿ ಏನಾಗಿದೆ ಅಂತ ಇಲ್ಲೇ ಗೊತ್ತಾಗುತ್ತೆ. ರಾಗಿ ಕೊಯ್ದು ಮೆದೆ ಹಾಕಿಯಾಗಿದೆ, ಕಣದ ಕೆಲಸ ಮುಗಿಯುತ್ತಾ ಬಂದಿದೆ. ಕಬ್ಬು ಕಡಿಯುವ ಕಾಲ. ಅವರೆಗೆ ಇಬ್ಬನಿ ಬಿದ್ದು ಸೊಗಡು ಹಿಡಿದಿದೆ. ಸಕಲೇಶಪುರದ ಕಡೆಯವರು ಮಾತ್ರ ಕಾಫಿ ಹಣ್ಣು ಕುಯ್ಯುವ ಗಡಿಬಿಡಿಯಲ್ಲಿರುತ್ತಾರೆ. ಅವರಿಗೆ ಹಬ್ಬಕ್ಕೆ ಅರ್ಧ ದಿನ ಸಿಕ್ಕರೆ ಹೆಚ್ಚು.

ಒಂದು ತಮಾಷೆ ಏನು ಗೊತ್ತಾ? ಇಷ್ಟೆಲ್ಲ ಹೊಸ ಫಸಲಿನ ಮಧ್ಯೆ ಎಳ್ಳು ಹೊಸದಲ್ಲ. ನಮ್ಮ ಕಡೆ ಎಳ್ಳನ್ನು ಮುಂಗಾರಿಗೆ ಮೊದಲೇ ಬಿತ್ತುತ್ತಾರೆ, ಮಳೆಗಾಲದಲ್ಲೇ ಕಟಾವು ಆಗಿರುತ್ತೆ. ಆದರೂ ಸುಗ್ಗಿ ಹಬ್ಬದಲ್ಲಿ ಮೊದಲ ಹೆಸರು ಅದರದ್ದೇ. ಹಿರಿಯರು ಕೊಡುವ ಕಾರಣ ಸರಳ. ಈಗ ಚಳಿ. ತುಟಿ ಒಡೆಯುತ್ತೆ, ಹಿಮ್ಮಡಿ ಬಿರಿಯುತ್ತೆ. ಎಳ್ಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಕಡಲೆಕಾಯಿ, ಕೊಬ್ಬರಿಯಲ್ಲೂ ಜಿಡ್ಡು ಜಾಸ್ತಿ. ಚಳಿಯಲ್ಲಿ ಮೈ ಕೇಳುವುದೂ ಅದನ್ನೇ.

(ಮನೆ. ಗೋಡೆಯ ಕ್ಯಾಲೆಂಡರ್.)

ನಿರೂಪಣೆ: ನಮ್ಮ ಹಬ್ಬಗಳೆಲ್ಲ ತಿಥಿ ನೋಡಿಕೊಂಡು ಹಿಂದೆ ಮುಂದೆ ಓಡಾಡುತ್ತವೆ. ಇದೊಂದು ಜನವರಿ 14 ಅಥವಾ 15 ಬಿಟ್ಟು ಕದಲಲ್ಲ. ಚಂದ್ರನ ಲೆಕ್ಕ ಅಲ್ಲ, ಸೂರ್ಯನ ಲೆಕ್ಕ. ಸೂರ್ಯ ಮಕರ ರಾಶಿಗೆ ಬರುವ ದಿನ. ಉತ್ತರಾಯಣ ಶುರು ಅಂತ ಪಂಚಾಂಗ ಹೇಳುತ್ತೆ. ಆಕಾಶದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೇ ಆಗಿ ಹೋಗಿರುತ್ತೆ. ಸುಮಾರು 1,700 ವರ್ಷದ ಹಿಂದೆ ಎರಡೂ ಒಟ್ಟಿಗೆ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ದಿಕ್ಕು ಬದಲಿಸುತ್ತಾ ಹೋಗುವುದರಿಂದ ಈಗ ಇಷ್ಟು ಅಂತರ. ನಮ್ಮತ್ತೆಗೆ ಇದನ್ನು ಹೇಳಿದೆ.

ಅತ್ತೆ: ಅವ್ನು ಯಾವಾಗಾದ್ರೂ ತಿರುಗ್ಲಿ. ನೀನು ಡಬ್ಬಿ ತೊಳಿ.

(ಹಬ್ಬದ ಹಿಂದಿನ ರಾತ್ರಿ. ಅಗಲವಾದ ಪಾತ್ರೆಯಲ್ಲಿ ಐದೂ ಬೆರೆಸುವುದು. ಮೇಲೆ ಬಣ್ಣಬಣ್ಣದ ಜೀರಿಗೆ ಮಿಠಾಯಿ. ಪಕ್ಕದಲ್ಲಿ ಮರದ ಅಚ್ಚುಗಳು.)

ನಿರೂಪಣೆ: ಈ ಮರದ ಅಚ್ಚು ನಮ್ಮತ್ತೆಗೆ ಅವರತ್ತೆ ಕೊಟ್ಟಿದ್ದು. ನೀರಲ್ಲಿ ನೆನೆಸಿ, ಎರಡು ಹೋಳನ್ನು ಜೋಡಿಸಿ ಬಿಗಿಯಾಗಿ ದಾರ ಸುತ್ತುತ್ತಾರೆ. ಸಕ್ಕರೆ ಪಾಕಕ್ಕೆ ಒಂದಿಷ್ಟು ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತೆ, ಸೋಸಿ ತೆಗೆಯಬೇಕು. ಮತ್ತೆ ಕಾಯಿಸಿ, ತಿರುವಿ, ಪಾಕ ಬೆಳ್ಳಗೆ ಆಗುತ್ತಿದ್ದಂತೆ ಅಚ್ಚಿಗೆ ಸುರಿಯಬೇಕು. ಆರಿದ ಮೇಲೆ ದಾರ ಬಿಚ್ಚಿದರೆ ಆನೆ, ಗಿಳಿ, ತುಳಸಿ ಕಟ್ಟೆ. ಆನೆಗೆ ಸೊಂಡಿಲು ಉಳಿದರೆ ಪುಣ್ಯ. ಮುರಿದ ಸೊಂಡಿಲೆಲ್ಲ ಪುಟ್ಟಿಯ ಪಾಲು.

(ನೆಲದ ಮೇಲೆ ತಟ್ಟೆಗಳ ಸಾಲು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅತ್ತೆ ಮನೆಗಳ ಪಟ್ಟಿ ಬರೆಸುತ್ತಿದ್ದಾರೆ.)

ನಿರೂಪಣೆ: ತಿನ್ನೋದಕ್ಕಷ್ಟೇ ಆಗಿದ್ದರೆ ಒಂದು ಡಬ್ಬಿ ಸಾಕಿತ್ತು. ಇಷ್ಟು ಮಾಡುವುದು ಬೀರೋಕೆ. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು, ಎಲೆ ಅಡಿಕೆ. ಯಾರ ಮನೆಗೆ ಅನ್ನುವುದನ್ನು ಪಟ್ಟಿ ಹೇಳುತ್ತೆ. ನಾನು ಮದುವೆಯಾಗಿ ಬಂದ ವರ್ಷ ಈ ಊರಲ್ಲಿ ನನಗೆ ಯಾರ ಮುಖವೂ ಗೊತ್ತಿರಲಿಲ್ಲ. ಸಂಕ್ರಾಂತಿ ದಿನ ತಟ್ಟೆ ಹಿಡಿದು ಓಡಾಡಿದ ಮೇಲೆ ಯಾರದ್ದು ಯಾವ ಬಾಗಿಲು, ಯಾರ ನಾಯಿ ಕಚ್ಚುತ್ತೆ, ಎಲ್ಲ ಗೊತ್ತಾಯಿತು. ಕೆಲವು ಮನೆಗಳಲ್ಲಿ ಹೊಸ ಮದುಮಗಳು ಬಾಳೆಹಣ್ಣನ್ನು ವರ್ಷ ವರ್ಷ ಹೆಚ್ಚಿಸುತ್ತಾ, ಐದು ವರ್ಷ ಬೀರುತ್ತಾಳೆ. ಅಷ್ಟು ವರ್ಷ ಹೋಗಿ ಬಂದರೆ ಅವಳು ಆ ಬೀದಿಯವಳೇ ಆಗಿರುತ್ತಾಳೆ.

ಪಟ್ಟಿಯಲ್ಲಿ ನೆಂಟರಿದ್ದಾರೆ. ಹಾಲು ಹಾಕುವವರು, ಟೈಲರ್ ಅಂಗಡಿಯ ಸಾಬರ ಮನೆ, ಶಾಲೆಯ ಮೇಡಂ ಇದ್ದಾರೆ. ಗಂಡ ತೀರಿಕೊಂಡಿರುವ ಚಿಕ್ಕಮ್ಮನ ಹೆಸರನ್ನು ನಾನು ಬರೆದೆ. ಅರಿಶಿನ ಕುಂಕುಮದ ತಟ್ಟೆ ಅಂತ ಇಂಥವರನ್ನು ಬಿಡುವ ರೂಢಿ ಇನ್ನೂ ಇದೆ. ನನಗೆ ಅದು ಸರಿ ಕಾಣಲ್ಲ. ಎಳ್ಳುಬೆಲ್ಲ ತಿನ್ನೋಕೆ ಗಂಡ ಯಾಕೆ ಬೇಕು? ಅತ್ತೆ ಪಟ್ಟಿ ನೋಡಿದರು, ಹೆಸರು ಹೊಡೆಯಲಿಲ್ಲ. ಅಷ್ಟು ಸಾಕು.

ಪುಟ್ಟಿ: ಅಜ್ಜಿ, ಪಕ್ಕದ್ಮನೆ ಬರ್ದೇ ಇಲ್ಲ!

(ಅತ್ತೆ ಉತ್ತರ ಕೊಡದೆ ಪಾತ್ರೆ ಮುಚ್ಚುತ್ತಾರೆ.)

ನಿರೂಪಣೆ: ಪಕ್ಕದ ಮನೆಯವರಿಗೂ ನಮಗೂ ಗೌರಿ ಹಬ್ಬದಿಂದ ಮಾತಿಲ್ಲ. ಬೇಲಿ ಮೇಲೆ ಬಾಗಿದ ಒಂದು ತೆಂಗಿನ ಮರದಿಂದ ಶುರುವಾದದ್ದು. ಕಾಯಿ ಯಾರ ಕಡೆ ಬಿದ್ದರೆ ಯಾರದ್ದು ಅನ್ನುವ ಲೆಕ್ಕ. ಅತ್ತೆ ಅವತ್ತು, ಆ ಮನೆಗೆ ಎಳ್ಳುನೀರು ಬಿಟ್ಟೆ ಅಂದಿದ್ದರು. ಅವರೂ ಇನ್ನೇನೋ ಅಂದಿದ್ದರು.

(ಸಂಕ್ರಾಂತಿ ಬೆಳಗ್ಗೆ. ರಂಗೋಲಿ, ಬಾಗಿಲಿಗೆ ಮಾವಿನ ತೋರಣ. ದೇವರ ಮುಂದೆ ಎಳ್ಳುಬೆಲ್ಲ. ಒಲೆ ಮೇಲೆ ಸಿಹಿ ಪೊಂಗಲ್, ಖಾರದ ಪೊಂಗಲ್. ಹೊಸ ಲಂಗ ಹಾಕಿದ ಪುಟ್ಟಿ.)

ನಿರೂಪಣೆ: ಪೂಜೆ ಆದ ಮೇಲೆ ಹೊರಡೋದು. ಕೊಡುವಾಗ ಹೇಳುವ ಮಾತು ಒಂದೇ.

ಪುಟ್ಟಿ: ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ!

ನಿರೂಪಣೆ: ಮಹಾರಾಷ್ಟ್ರದವರೂ ತಿಳಗುಳ ಕೊಟ್ಟು ಹೆಚ್ಚು ಕಮ್ಮಿ ಇದನ್ನೇ ಹೇಳುತ್ತಾರೆ. ಈಗ ಈ ಮಾತು ಬೆಳಗ್ಗೆ ಐದಕ್ಕೇ ಫೋನಿಗೆ ಬಂದು ಬೀಳುತ್ತೆ, ಹೂವಿನ ಚಿತ್ರದ ಜೊತೆ. ಕಳಿಸಲಿ ಬಿಡಿ, ಬೇಡ ಅನ್ನಲ್ಲ. ರೆಡಿಮೇಡ್ ಪೊಟ್ಟಣ ತಂದರೂ ತಪ್ಪಿಲ್ಲ, ಎಲ್ಲರಿಗೂ ಎಂಟು ದಿನ ಬೆಲ್ಲ ಹೆಚ್ಚೋಕೆ ಬಿಡುವಿರಲ್ಲ. ಆದರೆ ಬಾಗಿಲಿಗೆ ಹೋಗಲೇಬೇಕು. ಬಾಗಿಲಲ್ಲಿ ನಿಂತವರನ್ನು ಒಳಗೆ ಬಾ ಅನ್ನದೆ ಇರೋಕಾಗಲ್ಲ. ಒಳಗೆ ಹೋದ ಮೇಲೆ ಅವರ ಮನೆಯ ತಾತನಿಗೆ ಹುಷಾರಿಲ್ಲ ಅನ್ನುವುದು ಗೊತ್ತಾಗುತ್ತೆ, ಮಗ ಬೆಂಗಳೂರಿಂದ ಬಂದಿಲ್ಲ ಅನ್ನುವುದು ಗೊತ್ತಾಗುತ್ತೆ. ತಟ್ಟೆ ಖಾಲಿ ವಾಪಸ್ ಬರಲ್ಲ, ಅವರ ಮನೆಯ ಎಳ್ಳು ಅದರಲ್ಲಿ ಇರುತ್ತೆ.

(ಮಧ್ಯಾಹ್ನ. ಹಜಾರದ ಮಣೆ ಮೇಲೆ ಎರಡು ವರ್ಷದ ಮಗು. ಅದರ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿಯುತ್ತಾರೆ. ಸುತ್ತಲಿನ ಮಕ್ಕಳು ಮುಗಿಬಿದ್ದು ಆಯುತ್ತಾರೆ. ಮಗು ಅಳುತ್ತದೆ.)

ನಿರೂಪಣೆ: ಚಿಕ್ಕ ಮಕ್ಕಳಿಗೆ ಎಲಚಿ ಹಣ್ಣು ಎರೆಯುವುದು ಅಂದರೆ ಇದೇ. ದೃಷ್ಟಿ ಹೋಗಲಿ ಅಂತ. ಅಳದೆ ಕೂತ ಮಗುವನ್ನು ನಾನಂತೂ ನೋಡಿಲ್ಲ.

(ಸಂಜೆ. ಮೈ ತೊಳೆದ ದನಗಳು, ಕೊಂಬಿಗೆ ಬಣ್ಣ, ಕೊರಳಿಗೆ ಹೂವು. ಊರ ಮುಂದೆ ಹುಲ್ಲಿಗೆ ಬೆಂಕಿ ಹಾಕಿ ಕಿಚ್ಚು ಹಾಯಿಸುವುದು. ಕೂಗಾಟ.)

ನಿರೂಪಣೆ: ಉತ್ತಿದ ಎತ್ತಿಗೂ ಹಬ್ಬ ಆಗಬೇಕಲ್ಲ. ನಮ್ಮೂರಲ್ಲಿ ಈಗ ಎತ್ತು ಕಮ್ಮಿ, ಹಾಲಿನ ಹಸುಗಳೇ ಜಾಸ್ತಿ. ಆ ದಪ್ಪ ಹಸುಗಳು ಕಿಚ್ಚು ಹಾಯಲ್ಲ, ಪಕ್ಕದಲ್ಲಿ ಒಂದು ಸುತ್ತು ನಡೆಸಿಕೊಂಡು ಹೋಗುತ್ತಾರೆ.

(ಮನೆ. ದೀಪ ಹಚ್ಚುವ ಹೊತ್ತು. ಅತ್ತೆ ಒಂದು ತಟ್ಟೆಗೆ ಎಳ್ಳುಬೆಲ್ಲ ಹಾಕಿ, ಸೊಂಡಿಲು ಮುರಿಯದ ಆನೆಯನ್ನೇ ಹುಡುಕಿ ಮೇಲಿಡುತ್ತಾರೆ. ಪುಟ್ಟಿಯ ಕೈಗೆ ಕೊಡುತ್ತಾರೆ.)

ಅತ್ತೆ: ಪಕ್ಕದ್ಮನೆಗೆ ಕೊಟ್ಟು ಬಾ. ನಾನು ಕೊಟ್ಟೆ ಅನ್ಬೇಡ.

ನಿರೂಪಣೆ: ಯಾರು ಮೊದಲು ಮಾತಾಡಬೇಕು ಅನ್ನುವುದೇ ಎಲ್ಲ ಮನೆ ಜಗಳದ ಕಗ್ಗಂಟು. ಸಂಕ್ರಾಂತಿ ದಿನ ಆ ಲೆಕ್ಕ ಬರಲ್ಲ. ಮಗು ತಟ್ಟೆ ತಂದರೆ ಯಾರೂ ಸೋತ ಹಾಗಾಗಲ್ಲ. ಕೊಡಲೇಬೇಕಿತ್ತು, ಹಬ್ಬ, ಅದಕ್ಕೆ ಕೊಟ್ಟೆ ಅಂತ ಇವರೂ ಹೇಳಿಕೊಳ್ಳಬಹುದು, ತಗೊಳ್ಳದೆ ಇರೋಕಾಗುತ್ತಾ ಅಂತ ಅವರೂ ಹೇಳಿಕೊಳ್ಳಬಹುದು. ತೆಂಗಿನ ಮರ ಏನೂ ನೆಟ್ಟಗಾಗಲ್ಲ, ಬಾಗಿದ ಹಾಗೇ ಇರುತ್ತೆ. ಆದರೆ ನಾಳೆ ಕಾಯಿ ಬಿದ್ದಾಗ ಕೂಗಿ ಹೇಳಬಹುದು.

(ಹೊಸಿಲು. ಪುಟ್ಟಿ ಓಡಿ ಬರುತ್ತಾಳೆ. ತಟ್ಟೆಯಲ್ಲಿ ಪಕ್ಕದ ಮನೆಯ ಎಳ್ಳುಬೆಲ್ಲ, ಎರಡು ಬಾಳೆಹಣ್ಣು.)

ಪುಟ್ಟಿ: ಅಜ್ಜಿ, ಆ ಅಜ್ಜಿ ನಾಳೆ ಬರ್ತಾರಂತೆ. ಮೊಣಕಾಲು ನೋವು ಹೆಂಗಿದೆ ಅಂತ ಕೇಳಿದ್ರು.

ಅತ್ತೆ: ಹೌದಾ?

(ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಾರೆ.)

ಅತ್ತೆ: ಎಳ್ಳು ಸೀದಿದೆ. ಬೆಲ್ಲ ನೋಡು, ಕಲ್ಲಿನ ಹಾಗೆ ಹೆಚ್ಚವ್ರೆ.

ಸೊಸೆ: ಅತ್ತೆ, ಒಳ್ಳೆ ಮಾತಾಡಿ ಅಂತಲ್ವಾ?

ಅತ್ತೆ: ಅವ್ರು ಬರ್ಲಿ, ಎದುರಿಗೆ ಚೆನ್ನಾಗಿದೆ ಅಂತೀನಿ.

(ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಚಿತ್ರ ಮುಗಿಯುತ್ತದೆ.)