ಅನನ್ಯಳ ರಜೆ ಚೀಟಿ: ತಿದ್ದಿದ ಪ್ರತಿ ಮತ್ತು ತಿದ್ದಿದ್ದರ ಕಾರಣ

ಸುಮಾ ಅವರೇ,

ನಿಮ್ಮ ಚೀಟಿ ಓದಿದೆ. ಹೇಳಬೇಕಾದದ್ದು ಬಹುತೇಕ ಎಲ್ಲ ಇದೆ. ಎಡವಿರುವುದು ದಿನಾಂಕದ ಲೆಕ್ಕದಲ್ಲಿ, ಒಂದೆರಡು ಕ್ರಿಯಾಪದಗಳಲ್ಲಿ, ಮತ್ತು ಪರೀಕ್ಷೆಯ ಮಾತು ಬಂದ ಕೂಡಲೇ ಬಿರುಸಾಗುವ ಧಾಟಿಯಲ್ಲಿ. ನೀವು ಬರೆದದ್ದು ಹೀಗಿದೆ:

> ಗೆ,
> ಕ್ಲಾಸ್ ಟೀಚರ್
>
> ವಿಷಯ: ರಜೆ ಬೇಕಾಗಿರುವ ಬಗ್ಗೆ
>
> ಮೇಡಂ, ನನ್ನ ಮಗಳು ಅನನ್ಯಗೆ ನೆನ್ನೆ ರಾತ್ರಿಯಿಂದ ಜ್ವರ, ಗಂಟಲು ನೋವು ಬಂದಿದ್ದಾಳೆ. ಡಾಕ್ಟರ್ ಹತ್ರ ತೋರಿಸಿದಾಗ ಮೂರು ದಿನ ರೆಸ್ಟ್ ಮಾಡು ಅಂತ ಹೇಳಿದ್ದಾರೆ. ಆದ್ದರಿಂದ ತಾ. 17 ರಿಂದ 20 ರ ವರೆಗೂ 3 ದಿವಸಗಳು ತಾವು ರಜೆ ಕೊಡಬೇಕಾಗಿ ತಮ್ಮಲ್ಲಿ ಕಳಕಳಿಯಿಂದ ಬೇಡಿಕೊಳ್ಳುತ್ತೇನೆ. ಬುಧವಾರದ ಗಣಿತ ಟೆಸ್ಟನ್ನು ನೀವು ಮತ್ತೆ ತೆಗೆದುಕೊಳ್ಳಲೇಬೇಕು, ಯಾಕೆಂದರೆ ಅದು ಅವಳ ತಪ್ಪಲ್ಲ. ಹೋಂವರ್ಕ್ ದಿನಾ ವಾಟ್ಸಾಪ್ ಮಾಡಿ.
>
> ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ,
> ಸುಮಾ

ತಿದ್ದಿದ ಪ್ರತಿ ಕೆಳಗಿದೆ. ಇದನ್ನೇ ಕೈಬರಹದಲ್ಲಿ ನಕಲು ಮಾಡಿ ಸಹಿ ಹಾಕಿದರೆ ಸಾಕು.

> ದಿನಾಂಕ: 17-11-2025
>
> ಇವರಿಗೆ,
> ತರಗತಿ ಶಿಕ್ಷಕಿಯವರು,
> 4ನೇ ತರಗತಿ, ‘ಬಿ’ ವಿಭಾಗ
>
> ವಿಷಯ: ಅನನ್ಯಳಿಗೆ (ಹಾಜರಿ ಸಂಖ್ಯೆ 23) ಜ್ವರದ ಕಾರಣ ಮೂರು ದಿನಗಳ ರಜೆ ಕೋರಿ
>
> ಮಾನ್ಯರೇ,
>
> ನನ್ನ ಮಗಳು ಅನನ್ಯಳಿಗೆ ಭಾನುವಾರ ರಾತ್ರಿಯಿಂದ ಜ್ವರ ಮತ್ತು ಗಂಟಲು ನೋವು ಇದೆ. ಇಂದು ಬೆಳಿಗ್ಗೆ ವೈದ್ಯರಿಗೆ ತೋರಿಸಿದೆವು. ಮೂರು ದಿನ ವಿಶ್ರಾಂತಿ ಬೇಕೆಂದು ಹೇಳಿದ್ದಾರೆ. ಆದ್ದರಿಂದ ನವೆಂಬರ್ 17ರ ಸೋಮವಾರದಿಂದ 19ರ ಬುಧವಾರದವರೆಗೆ ಅವಳಿಗೆ ರಜೆ ನೀಡಬೇಕೆಂದು ಕೋರುತ್ತೇನೆ. ಜ್ವರ ಬಿಟ್ಟರೆ 20ರ ಗುರುವಾರ ಶಾಲೆಗೆ ಬರುತ್ತಾಳೆ. ವೈದ್ಯರ ಚೀಟಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.
>
> ಬುಧವಾರದ ಗಣಿತ ಕಿರುಪರೀಕ್ಷೆಗೆ ಅವಳು ಹಾಜರಾಗಲು ಆಗುವುದಿಲ್ಲ. ಬೇರೆ ದಿನ ಬರೆಯಲು ಅವಕಾಶವಿದ್ದರೆ ದಯವಿಟ್ಟು ತಿಳಿಸಿ. ಈ ಮೂರು ದಿನಗಳ ಮನೆಗೆಲಸದ ವಿವರವನ್ನು ಗುರುವಾರ ಅವಳ ಡೈರಿಯಲ್ಲಿ ಬರೆಸಿದರೆ, ಸೋಮವಾರದೊಳಗೆ ಮುಗಿಸಿ ಕಳುಹಿಸುತ್ತೇನೆ.
>
> ವಂದನೆಗಳೊಂದಿಗೆ,
> ಸುಮಾ
> (ಅನನ್ಯಳ ತಾಯಿ)

ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕ. 17ರಿಂದ 20ರವರೆಗೆ ಎಂದರೆ ಎರಡೂ ತುದಿ ಸೇರಿ ನಾಲ್ಕು ದಿನ, ಮೂರಲ್ಲ. 20 ನಿಮ್ಮ ಲೆಕ್ಕದಲ್ಲಿ ಮಗಳು ವಾಪಸ್ ಬರುವ ದಿನ. ಆದರೆ ‘ವರೆಗೂ’ ಎಂದಮೇಲೆ ಓದುವವರು ಅದನ್ನೂ ರಜೆಗೆ ಸೇರಿಸಿಕೊಳ್ಳುತ್ತಾರೆ. ಹಾಜರಿ ಪುಸ್ತಕದಲ್ಲಿ ಗುರುತು ಹಾಕುವವರಿಗೆ ಮೂರೋ ನಾಲ್ಕೋ ಎಂಬ ಅನುಮಾನ ಉಳಿಯಬಾರದು. ಅದಕ್ಕೇ ರಜೆಯ ಕೊನೆಯ ದಿನ ಮತ್ತು ವಾಪಸ್ ಬರುವ ದಿನ ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ವಾರದ ಹೆಸರಿನ ಸಮೇತ ಬರೆದಿದ್ದೇನೆ. ಅಂಕಿ ತಪ್ಪಾಗಿದ್ದರೂ ವಾರ ನೋಡಿ ಹಿಡಿಯಬಹುದು. ‘ನೆನ್ನೆ’ಯನ್ನು (ಬರಹದಲ್ಲಿ ಅದು ‘ನಿನ್ನೆ’) ‘ಭಾನುವಾರ’ ಮಾಡಿದ್ದಕ್ಕೂ ಕಾರಣ ಇಷ್ಟೇ: ಚೀಟಿ ಮಂಗಳವಾರ ಕೈಗೆ ಸಿಕ್ಕರೆ ‘ನಿನ್ನೆ’ ಎಂಬುದು ಸೋಮವಾರವಾಗಿಬಿಡುತ್ತದೆ. ‘ಇಂದು ಬೆಳಿಗ್ಗೆ’ ಉಳಿದಿದೆ. ಮೇಲೆ ದಿನಾಂಕ ಹಾಕಿರುವುದರಿಂದ ಅದು ಗೊಂದಲ ಮಾಡುವುದಿಲ್ಲ. ನಿಮ್ಮ ಪ್ರತಿಯಲ್ಲಿ ದಿನಾಂಕವೇ ಇರಲಿಲ್ಲ, ಮಗುವಿನ ತರಗತಿ ಮತ್ತು ವಿಭಾಗವೂ ಇರಲಿಲ್ಲ. ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದರೆ ಚೀಟಿ ಯಾರದೆಂದು ಹುಡುಕಬೇಕಾಗುತ್ತಿತ್ತು.

ಈಗ ವ್ಯಾಕರಣ. ‘ಅನನ್ಯಗೆ ಜ್ವರ ಬಂದಿದ್ದಾಳೆ’ ಎಂಬಲ್ಲಿ ಬಂದಿರುವುದು ಜ್ವರ, ಅನನ್ಯ ಅಲ್ಲ. ಕ್ರಿಯಾಪದ ಜ್ವರದ ಜೊತೆ ಹೊಂದಬೇಕು: ‘ಜ್ವರ ಬಂದಿದೆ’. ರಾತ್ರಿಯಿಂದ ಈಗಲೂ ಇರುವುದರಿಂದ ‘ಇದೆ’ ಇನ್ನೂ ಸರಿ. ‘ಅನನ್ಯಗೆ’ ಮಾತಿನಲ್ಲಿ ನಡೆಯುತ್ತದೆ. ಬರಹದಲ್ಲಿ ಅಕಾರದಿಂದ ಕೊನೆಯಾಗುವ ಹೆಣ್ಣುಮಕ್ಕಳ ಹೆಸರಿಗೆ ‘ಅನನ್ಯಳಿಗೆ’ ಎಂಬ ರೂಪ. ಹೆಸರು ರಶ್ಮಿ ಎಂದಿದ್ದರೆ ‘ರಶ್ಮಿಗೆ’ ಎಂದೇ ಬರೆಯುತ್ತಿದ್ದೆವು. ‘17 ರಿಂದ’, ‘20 ರ ವರೆಗೂ’ ಎಂದು ಬಿಡಿಸಿ ಬರೆಯಬೇಡಿ, ವಿಭಕ್ತಿ ಪ್ರತ್ಯಯ ಅಂಕಿಗೆ ಅಂಟಿಕೊಂಡೇ ಇರಲಿ. ‘ಹತ್ರ’, ‘ಅಂತ’ ಆಡುಮಾತು. ಒಂದು ಕಡೆ ‘ಆದ್ದರಿಂದ’, ಇನ್ನೊಂದು ಕಡೆ ‘ಹತ್ರ’ ಇದ್ದರೆ ಎರಡು ಕೈ ಸೇರಿ ಬರೆದಂತೆ ಕಾಣುತ್ತದೆ. ‘ದಿವಸಗಳು’ ತಪ್ಪಲ್ಲ, ಆದರೆ ಅಲ್ಲಿ ‘ಮೂರು ದಿನ’ ಎಂದರೇ ಸಹಜ.

‘ತಾವು’ ಎಂದು ಶುರುಮಾಡಿ ಮುಂದಿನ ವಾಕ್ಯದಲ್ಲೇ ‘ನೀವು’ ಬಂದಿದೆ. ಎರಡರಲ್ಲಿ ಯಾವುದಾದರೂ ಒಂದು ಇರಲಿ. ತಿದ್ದಿದ ಪ್ರತಿಯಲ್ಲಿ ಎರಡೂ ಬೇಕಾಗಿಲ್ಲ. ‘ನೀಡಬೇಕೆಂದು’, ‘ತಿಳಿಸಿ’ ಎಂಬಲ್ಲೇ ಗೌರವ ಬಂದಿದೆ.

ಧಾಟಿಯ ವಿಷಯದಲ್ಲಿ ನಿಮ್ಮ ಚೀಟಿ ಎರಡು ದಿಕ್ಕಿಗೆ ಎಳೆಯುತ್ತದೆ. ರಜೆಗೆ ‘ಕಳಕಳಿಯಿಂದ ಬೇಡಿಕೊಳ್ಳುತ್ತೇನೆ’, ಪರೀಕ್ಷೆಗೆ ‘ತೆಗೆದುಕೊಳ್ಳಲೇಬೇಕು’. ಇರಬೇಕಾದದ್ದು ಹೆಚ್ಚುಕಡಿಮೆ ಇದಕ್ಕೆ ತಿರುಗುಮುರುಗು. ಮಗುವಿಗೆ ಜ್ವರ ಇದೆ, ವೈದ್ಯರ ಚೀಟಿ ಇದೆ. ರಜೆ ಬೇಡಿ ಪಡೆಯುವಂಥದ್ದಲ್ಲ, ‘ಕೋರುತ್ತೇನೆ’ ಎಂದರೆ ಮರ್ಯಾದೆಗೆ ಸಾಕು. ಮರುಪರೀಕ್ಷೆ ಹಾಗಲ್ಲ. ಅದಕ್ಕೆ ಶಿಕ್ಷಕಿ ಬೇರೆ ಪ್ರಶ್ನೆಪತ್ರಿಕೆ ಮಾಡಬೇಕಾಗಬಹುದು, ಸಮಯ ಹೊಂದಿಸಬೇಕು, ಕೆಲವೊಮ್ಮೆ ಆ ನಿರ್ಧಾರ ಅವರೊಬ್ಬರ ಕೈಯಲ್ಲೂ ಇರುವುದಿಲ್ಲ. ಹಾಗಾಗಿ ‘ಅವಕಾಶವಿದ್ದರೆ ತಿಳಿಸಿ’. ‘ಅವಳ ತಪ್ಪಲ್ಲ’ ಎಂಬುದನ್ನು ಪೂರ್ತಿ ತೆಗೆದಿದ್ದೇನೆ. ಯಾರೂ ತಪ್ಪು ಹೊರಿಸಿಲ್ಲ. ಹೊರಿಸದ ತಪ್ಪಿಗೆ ಉತ್ತರ ಕೊಟ್ಟರೆ ಜಗಳ ತೆಗೆದಂತೆ ಕೇಳುತ್ತದೆ. ‘ಟೆಸ್ಟ್ ತೆಗೆದುಕೊಳ್ಳುವುದು’ ಯಾರ ಕೆಲಸ ಎಂಬುದೂ ಸ್ಪಷ್ಟವಿಲ್ಲ. ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಶಿಕ್ಷಕರು ನಡೆಸುತ್ತಾರೆ.

‘ದಿನಾ ವಾಟ್ಸಾಪ್ ಮಾಡಿ’ ಎಂದರೆ ಶಿಕ್ಷಕಿಗೆ ಮೂರು ಸಂಜೆಯ ಹೆಚ್ಚುವರಿ ಕೆಲಸ, ಅದೂ ಜ್ವರದಲ್ಲಿ ಮಲಗಿರುವ ಮಗುವಿಗಾಗಿ. ವಾಪಸ್ ಬಂದ ದಿನ ಡೈರಿಯಲ್ಲಿ ಬರೆಸುವುದು ಇಬ್ಬರಿಗೂ ಹಗುರ.

‘ವಿಧೇಯ ವಿದ್ಯಾರ್ಥಿನಿ’ ಶಾಲೆಯಲ್ಲಿ ಕಲಿತ ಅರ್ಜಿಯ ಕೊನೆಯ ಸಾಲು. ಕೈ ತಾನಾಗಿ ಬರೆದುಬಿಡುತ್ತದೆ. ಬರೆಯುತ್ತಿರುವುದು ತಾಯಿ, ಆದ್ದರಿಂದ ಹೆಸರು ಮತ್ತು ಸಂಬಂಧ ಸಾಕು.

ಬೆಳಿಗ್ಗೆ ಚೀಟಿ ತಲುಪಿಸುವವರು ಯಾರೂ ಸಿಗದಿದ್ದರೆ ಈ ಸಂದೇಶ ಮೊದಲು ಕಳುಹಿಸಿ, ಚೀಟಿಯನ್ನು ಗುರುವಾರ ಅನನ್ಯಳ ಕೈಯಲ್ಲೇ ಕೊಡಿ:

> ನಮಸ್ಕಾರ ಮೇಡಂ. 4ನೇ ‘ಬಿ’ ಅನನ್ಯಳಿಗೆ ಜ್ವರವಿದೆ. ಇಂದಿನಿಂದ ಬುಧವಾರ 19ರವರೆಗೆ ಶಾಲೆಗೆ ಬರುವುದಿಲ್ಲ. ರಜೆ ಚೀಟಿ ಮತ್ತು ವೈದ್ಯರ ಚೀಟಿಯನ್ನು ಗುರುವಾರ ಕಳುಹಿಸುತ್ತೇನೆ. – ಸುಮಾ, ಅನನ್ಯಳ ತಾಯಿ

ಬುಧವಾರ ಸಂಜೆಯೂ ಜ್ವರ ಬಿಡದಿದ್ದರೆ ಹಳೆಯ ಚೀಟಿಯ ದಿನಾಂಕ ತಿದ್ದಿಸಲು ಹೋಗಬೇಡಿ. ಇನ್ನೊಂದು ಬರೆದು ಕಳುಹಿಸಿ, ಮೊದಲನೆಯದನ್ನು ಅದರಲ್ಲಿ ನೆನಪಿಸಿ:

> ಮಾನ್ಯರೇ, ಅನನ್ಯಳಿಗೆ (4ನೇ ‘ಬಿ’, ಹಾಜರಿ ಸಂಖ್ಯೆ 23) ಜ್ವರ ಇನ್ನೂ ಬಿಟ್ಟಿಲ್ಲ. 17ರಂದು ಕೋರಿದ್ದ ರಜೆಯನ್ನು 21ರ ಶುಕ್ರವಾರದವರೆಗೆ ವಿಸ್ತರಿಸಬೇಕೆಂದು ಕೋರುತ್ತೇನೆ. 24ರ ಸೋಮವಾರ ಶಾಲೆಗೆ ಬರುತ್ತಾಳೆ. – ಸುಮಾ, ಅನನ್ಯಳ ತಾಯಿ, 19-11-2025

ಶನಿವಾರವೂ ತರಗತಿ ಇದ್ದರೆ ಇದರಲ್ಲಿ 21ರ ಜಾಗಕ್ಕೆ 22, ಶುಕ್ರವಾರದ ಜಾಗಕ್ಕೆ ಶನಿವಾರ ಬರೆಯಿರಿ. ಮನೆಗೆಲಸ ಮುಗಿಸಲು ಕೊಟ್ಟಿದ್ದ ಸೋಮವಾರದ ಗಡುವೂ ಆಗ ಮುಂದಕ್ಕೆ ಹೋಗುತ್ತದೆ. ಅದನ್ನು ಅವಳು ಬಂದ ದಿನ ಡೈರಿಯಲ್ಲಿ ಒಂದು ಸಾಲು ಬರೆದು ತಿಳಿಸಿ.