ಆರನೇ ಆಟದ ಕೊನೆಯ ನಡೆಗಳು: ಡ್ರಾಫ್ಟ್ಸ್ ನೇರಪ್ರಸಾರದ ವೀಕ್ಷಕ ವಿವರಣೆ

(ಪರದೆಯಲ್ಲಿ ಪೂರ್ತಿ ಬೋರ್ಡ್. ಬಿಳಿ ಗಡಿಯಾರ 1:10, ಕಪ್ಪು ಗಡಿಯಾರ 3:25.)

ನಿರೂಪಕ: ಈಗಷ್ಟೇ ನಮ್ಮನ್ನು ಸೇರಿಕೊಂಡವರಿಗೆ ಸ್ವಾಗತ. ಐದು ಆಟ ಮುಗಿದಿವೆ, ಐದೂ ಡ್ರಾ. ಇದು ಆರನೆಯದು, ಕೊನೆಯದು. ಎರಡೂ ಕಡೆ ಎಂಟೆಂಟು ಕಾಯಿ, ಕೊನೆಯ ಸಾಲು ಮುಟ್ಟಿ ರಾಜನಾದ ಕಾಯಿ ಯಾರಿಗೂ ಇಲ್ಲ. ಬಿಳಿ ಆಟಗಾರ್ತಿ ಇದೀಗ 22ನೇ ಮನೆಯ ಕಾಯಿಯನ್ನು 18ನೇ ಮನೆಗೆ ಏರಿಸಿದ್ದಾರೆ. ಕಪ್ಪು ಆಟಗಾರ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದಾರೆ. ಮೇಡಂ, ಏನು ನೋಡುತ್ತಿದ್ದಾರೆ ಅವರು?

ವಿಶ್ಲೇಷಕಿ: ಸರ್, ಮೊದಲು ಪರದೆಯ ಬಲಭಾಗ ನೋಡೋಣ. ಕಪ್ಪಿನ ಆರು ಕಾಯಿ ಅಲ್ಲೇ ಇವೆ: 12, 16, 19, 20, 24, 28. ಎದುರಿಗೆ ಬಿಳಿಯ ಐದು: 23, 26, 27, 31, 32. ಈ ಆರರಲ್ಲಿ ಒಂದೇ ಒಂದು ಕಾಯಿಯಾದರೂ ಅಲ್ಲಾಡುತ್ತದಾ ನೋಡಿ. 12ರ ಮುಂದೆ ತನ್ನದೇ ಕಾಯಿ. 16ರ ಮುಂದೆ ಎರಡೂ ಮನೆ ತನ್ನವರಿಂದಲೇ ತುಂಬಿವೆ. 28ರ ದಾರಿಗೆ 32 ಅಡ್ಡ. 19 ಹಾರಿ 23ನ್ನು ಹೊಡೆಯೋಣವೆಂದರೆ ಅದರ ಬೆನ್ನಿಗೆ, ಇಳಿಯಬೇಕಾದ ಮನೆಯಲ್ಲೇ, 26 ಕೂತಿದೆ. 24 ಹೋಗಿ 27ನ್ನು ಹೊಡೆಯೋಣವೆಂದರೆ ಬೆನ್ನಿಗೆ 31. ಎಲ್ಲ ಕಟ್ಟುಬಿದ್ದಿವೆ.

ನಿರೂಪಕ: ಹಾಗಾದರೆ ಕಪ್ಪಿಗೆ ನಡೆಸಲು ಉಳಿದಿರುವುದು ಎಡಗಡೆಯ ಎರಡೇ ಕಾಯಿ, 6 ಮತ್ತು 9.

ವಿಶ್ಲೇಷಕಿ: ಎರಡೇ. ಅವೆರಡೂ ಹೋದರೆ ಆಟವೇ ಹೋಯಿತು. ಡ್ರಾಫ್ಟ್ಸ್‌ನಲ್ಲಿ ಸರದಿ ಬಂದಾಗ ನಡೆ ಇಲ್ಲದವರು ಸೋತ ಹಾಗೆ. ಚೆಸ್‌ನ ಸ್ಟೇಲ್‌ಮೇಟ್ ಥರ ಇಲ್ಲಿ ಅರ್ಧ ಅಂಕ ಸಿಗುವುದಿಲ್ಲ. ನಾನು ಹತ್ತು ನಿಮಿಷದಿಂದ ಈ ಬಲಭಾಗವನ್ನೇ ನೋಡುತ್ತಿದ್ದೇನೆ, ಕಣ್ಣು ಕೀಳಲು ಆಗುತ್ತಿಲ್ಲ.

ನಿರೂಪಕ: ಕಪ್ಪಿನ ಮುಂದೆ ಇರುವ ನಡೆಗಳು ಯಾವುವು?

ವಿಶ್ಲೇಷಕಿ: 9ರದು 14ಕ್ಕೆ ಬಂದರೆ ಕಥೆ ಮುಗಿಯಿತು, ಬಿಳಿ ಒಂದೇ ಏಟಿಗೆ ಎರಡನ್ನೂ ಹೊಡೆಯುತ್ತದೆ. ಉಳಿದದ್ದು ಎರಡು. 9ರಿಂದ 13, ಅಥವಾ 6ರಿಂದ 10. ನಾನಾಗಿದ್ದರೆ 13ಕ್ಕೇ ಹೋಗುತ್ತಿದ್ದೆ. 22 ಈಗ ತಾನೇ ಖಾಲಿಯಾಗಿದೆ, ಹಾಗಾಗಿ ಬಿಳಿಯ 17ರ ಕಾಯಿಯ ಮೇಲೆ ನೇರ ಬೆದರಿಕೆ ಬೀಳುತ್ತದೆ.

ನಿರೂಪಕ: ಆದರೆ ಅಂಚಿಗೆ ಹೋಗಲು ಅವರಿಗೆ ಮನಸ್ಸಿಲ್ಲ ಅನಿಸುತ್ತದೆ... ಕೈ 9ರ ಮೇಲೆ ಹೋಯಿತು, ಹಿಂದಕ್ಕೆ ಬಂತು. ಮುಟ್ಟಲಿಲ್ಲ. ಮುಟ್ಟಿದ್ದರೆ ಅದನ್ನೇ ಆಡಬೇಕಿತ್ತು.

(ಮೌನ. ಕ್ಯಾಮೆರಾ ಕಪ್ಪು ಆಟಗಾರನ ಮುಖದ ಮೇಲೆ. ಗಡಿಯಾರ 2:40.)

ವಿಶ್ಲೇಷಕಿ: ಒಂದು ಮಾತು ಹೇಳಿಬಿಡುತ್ತೇನೆ ಸರ್. 2007ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ತಂಡ, ಇಬ್ಬರೂ ತಪ್ಪದೆ ಆಡಿದರೆ ಈ ಆಟ ಡ್ರಾ ಎಂದು ಕಂಪ್ಯೂಟರ್ ಲೆಕ್ಕದಿಂದ ಸಾಬೀತು ಮಾಡಿತು. ಅದನ್ನು ಕೇಳಿ ‘ಇನ್ನೇನು ಉಳಿಯಿತು ಇದರಲ್ಲಿ’ ಅಂದವರಿದ್ದಾರೆ. ಈ ಮನುಷ್ಯನ ಮುಖ ನೋಡಿ. ಎಲ್ಲವೂ ಉಳಿದಿದೆ.

ನಿರೂಪಕ: ಆಡಿದರು! 6ರಿಂದ 10! ಎರಡು ಕಾಯಿಯನ್ನೂ ಅಕ್ಕಪಕ್ಕ ತಂದುಕೊಂಡಿದ್ದಾರೆ. ಗಡಿಯಾರ ಒತ್ತಿದರು. ಬಿಳಿಗೆ ಒಂದು ನಿಮಿಷ ಹತ್ತು ಸೆಕೆಂಡು.

ವಿಶ್ಲೇಷಕಿ: ತಡೀರಿ. ತಡೀರಿ ಸರ್. 9, 10... 5ನೇ ಮನೆ ಖಾಲಿ. ಇಲ್ಲಿ ಒಂದು ಹೊಡೆತ ಇದೆ!

ನಿರೂಪಕ: ಎಲ್ಲಿ?

ವಿಶ್ಲೇಷಕಿ: 14ರಲ್ಲಿ. ಬಿಳಿ ಒಂದು ಕಾಯಿಯನ್ನು 14ಕ್ಕೆ ತಳ್ಳಿ ಬಲಿ ಕೊಡಬೇಕು. ಆದರೆ ಅಲ್ಲಿಗೆ ಹೋಗಬಲ್ಲ ಕಾಯಿ ಎರಡಿವೆ, 17ರದ್ದು ಮತ್ತು 18ರದ್ದು. ಎಲ್ಲ ಇರುವುದು ಅಲ್ಲೇ. 18ರದ್ದನ್ನು ತಳ್ಳಿದರೆ 9 ಬಂದು ಹೊಡೆದು 18ರಲ್ಲಿ ಕೂರುತ್ತದೆ. ಆಗ 23ರ ಬಿಳಿ ಎರಡು ಕಾಯಿ ಹೊಡೆಯಬಹುದು, ನೋಡಲು ಚೆಂದ. ಆದರೆ 23 ಎದ್ದು ಹೋದ ತಕ್ಷಣ 19ಕ್ಕೆ ದಾರಿ ತೆರೆಯಿತು, ಬಲಗಡೆಯ ಕಟ್ಟು ಬಿಚ್ಚಿತು!

ನಿರೂಪಕ: ಮತ್ತೆ 17ರದ್ದು?

ವಿಶ್ಲೇಷಕಿ: 17ರದ್ದು ಹೋದರೆ 18 ತುಂಬಿಯೇ ಇರುತ್ತದೆ, 9ಕ್ಕೆ ಹಾರಲು ಜಾಗವಿಲ್ಲ. 10ರದ್ದೇ ಹೊಡೆಯಬೇಕು. ಹೊಡೆಯದೆ ಬಿಡುವ ಹಾಗಿಲ್ಲ, ಹೊಡೆತ ಸಿಕ್ಕರೆ ಹೊಡೆಯಲೇಬೇಕು, ನಿಯಮ. ಹೊಡೆದು 17ರಲ್ಲಿ ಇಳಿಯುತ್ತದೆ. ಅಲ್ಲಿ ಅಂಚಿನಲ್ಲಿ ಯಾರೂ ಗಮನಿಸದ ಬಿಳಿ ಕಾಯಿ ಒಂದು ಕಾದಿದೆ, 21.

ನಿರೂಪಕ: ಗಡಿಯಾರ 38 ಸೆಕೆಂಡು. ಅವರಿಗೆ ಇದು ಕಂಡಿದೆಯಾ? ಕಣ್ಣು ಬೋರ್ಡಿನ ಎಡಗಡೆ ಇದೆ. ಈಗ ಬಲಕ್ಕೆ ಹೋಯಿತು. ಮತ್ತೆ ಎಡಕ್ಕೆ.

ವಿಶ್ಲೇಷಕಿ: ಎಣಿಸುತ್ತಿದ್ದಾರೆ. ಕಟ್ಟು ಗಟ್ಟಿಯಾಗಿದೆಯಾ ಅಂತ ಕೊನೆಯ ಸಲ ಖಚಿತ ಮಾಡಿಕೊಳ್ಳುತ್ತಿದ್ದಾರೆ. 17ರದು 13ಕ್ಕೆ ಹೋದರೂ 9ರ ಮೇಲೆ ಬೆದರಿಕೆ ಇದೆ, ಆದರೆ ಕಪ್ಪಿಗೆ ಉಸಿರಾಡಲು ಒಂದು ಸರದಿ ಸಿಗುತ್ತದೆ. 14 ಆದರೆ ಉಸಿರೇ ಇಲ್ಲ.

ನಿರೂಪಕ: 20 ಸೆಕೆಂಡು. ಕೈ ಎದ್ದಿತು. ಬೆರಳು 18ರ ಮೇಲೆ...

ವಿಶ್ಲೇಷಕಿ: ಬೇಡ, ಬೇಡ...

ನಿರೂಪಕ: ಮುಟ್ಟಲಿಲ್ಲ! ಪಕ್ಕಕ್ಕೆ ಸರಿಯಿತು. 17 ಹಿಡಿದರು! 17ರಿಂದ... 14! 17ರಿಂದ 14!

ವಿಶ್ಲೇಷಕಿ: ಅಯ್ಯೋ, ಕಂಡುಬಿಟ್ಟರು! ಎಂಥ ಕಣ್ಣು!

ನಿರೂಪಕ: ಗಡಿಯಾರ ನಿಂತಿದ್ದು 11 ಸೆಕೆಂಡಿಗೆ. ಕಪ್ಪು ಆಟಗಾರ ಮುಂದಕ್ಕೆ ಬಾಗಿದ್ದಾರೆ. ಮುಖ ನೋಡಿ.

ವಿಶ್ಲೇಷಕಿ: ಅವರಿಗೂ ಗೊತ್ತಾಯಿತು ಸರ್. ಈ ಕ್ಷಣ ಬಹಳ ಕಷ್ಟದ್ದು. ತಾನು ಮುಂದೆ ಆಡಬೇಕಾದ ನಡೆ ತನ್ನದಲ್ಲ, ಎದುರಿನವರು ಆಡಿಸುತ್ತಿರುವುದು. ಎರಡು ನಿಮಿಷ ಸಮಯವಿದೆ, ಆದರೆ ಯೋಚಿಸಲು ಏನೂ ಇಲ್ಲ.

(ಮೌನ. ಸಭಾಂಗಣದಲ್ಲಿ ಗಡಿಯಾರದ ಸದ್ದು ಮಾತ್ರ.)

ನಿರೂಪಕ: 10 ಎದ್ದಿತು. 14ನ್ನು ದಾಟಿ 17ಕ್ಕೆ. ಬಿಳಿಯ ಕಾಯಿ ಹೊರಗೆ. ಈಗ ಕಪ್ಪು ಎಂಟು, ಬಿಳಿ ಏಳು.

ವಿಶ್ಲೇಷಕಿ: 21. 21 ಬರಬೇಕು.

ನಿರೂಪಕ: 21ರ ಕಾಯಿ ಕೈಗೆ ಬಂತು! 17ನ್ನು ದಾಟಿ 14! ಅಲ್ಲಿ ನಿಲ್ಲಲಿಲ್ಲ, 9ನ್ನು ದಾಟಿ... 5! ಎರಡು ಕಾಯಿ ಹೊರಗೆ! ಎಡಗಡೆ ಕಪ್ಪಿನದು ಒಂದೂ ಉಳಿದಿಲ್ಲ!

ವಿಶ್ಲೇಷಕಿ: ಬೋರ್ಡ್ ಹತ್ತಿರ ತೋರಿಸಿ, ದಯವಿಟ್ಟು ಬೋರ್ಡ್ ತೋರಿಸಿ. ಆರು ಕಪ್ಪು ಕಾಯಿ ಇವೆ. ಒಂದಕ್ಕೂ ಪೆಟ್ಟಾಗಿಲ್ಲ. ಒಂದೂ ಅಲ್ಲಾಡುವುದಿಲ್ಲ! ಆರು ಕಾಯಿ ಕೈಯಲ್ಲಿಟ್ಟುಕೊಂಡು ಸೋಲುವುದು ನಾವು ದಿನಾ ನೋಡುವುದಲ್ಲ.

ನಿರೂಪಕ: ಗಡಿಯಾರ ಕಪ್ಪಿನ ಕಡೆ ಓಡುತ್ತಿದೆ. ಅವರು ಇನ್ನೂ ಹುಡುಕುತ್ತಿದ್ದಾರೆ. 19ರ ಮೇಲೆ ಬೆರಳು ಇಟ್ಟು ತೆಗೆದರು... ಇಲ್ಲ. ತಲೆ ಅಲ್ಲಾಡಿಸಿದರು. ಗಡಿಯಾರ ನಿಲ್ಲಿಸಿ ಕೈ ಚಾಚಿದ್ದಾರೆ! ಬಿಳಿಗೆ ಜಯ! ಆರನೇ ಆಟ, ಮತ್ತು ಈ ಪಂದ್ಯ, ಬಿಳಿ ಆಟಗಾರ್ತಿಗೆ!

ವಿಶ್ಲೇಷಕಿ: ಕೈ ಕುಲುಕಿ ಇಬ್ಬರೂ ಮತ್ತೆ ಕೂತರು ನೋಡಿ. ಅವರೇ ಕಾಯಿಗಳನ್ನು ಹಿಂದಕ್ಕೆ ಇಡುತ್ತಿದ್ದಾರೆ, 9, 10, 17... ಹೌದು, ಕಪ್ಪು 10ರ ಕಾಯಿಯನ್ನು ಮತ್ತೆ 6ಕ್ಕೆ ಇಟ್ಟರು. ಈಗ 9ರದ್ದನ್ನು 13ಕ್ಕೆ ತಳ್ಳಿ ಬಿಳಿ ಆಟಗಾರ್ತಿಯ ಮುಖ ನೋಡುತ್ತಿದ್ದಾರೆ.

ನಿರೂಪಕ: ಅವರು ನಗುತ್ತಿದ್ದಾರೆ. ಮೈಕ್ ಹತ್ತಿರ ಹೋಗಲಿ, ಉತ್ತರ ಏನೆಂದು ಕೇಳೋಣ.