ಕೆಮ್ಮಿನ ಮೆಸೇಜ್ ಬಗ್ಗೆ, ಮನೆಯವರೆಲ್ಲರಿಗೂ

ಚಿಕ್ಕಪ್ಪ, ಮತ್ತೆ ಎಲ್ಲರಿಗೂ ನಮಸ್ಕಾರ.

ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಬೇಕು ಎಂದು ನಿನ್ನೆ ರಾತ್ರಿ ಒಂದು ಮೆಸೇಜ್ ಬಂದಿತ್ತಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಬೆಳಗ್ಗೆ ಚಿಕ್ಕಪ್ಪನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಅತ್ತೆ ಈಗ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಅವರಿಗೆ ತಿಳಿದಿರಲಿ ಎಂದೇ ಹಾಕಿದೆ ಅಂದರು. ಆ ಚಿಂತೆ ನನಗೂ ಇದೆ. "ನನಗೆ ಹೇಳಿದ್ದನ್ನೇ ಗ್ರೂಪಿನಲ್ಲೂ ಬರಿ, ಎಲ್ಲರೂ ಓದಲಿ" ಎಂದು ಹೇಳಿದ್ದೂ ಅವರೇ.

ಈ ಮೆಸೇಜ್ ಹೊಸದಲ್ಲ. 1999ರಲ್ಲೇ ಇಮೇಲ್‌ನಲ್ಲಿ ಓಡಾಡಿತ್ತು. ಡಾಕ್ಟರು ಬರೆದ ಹಾಗೇ ಇರುವುದರಿಂದ ಯಾರಾದರೂ ನಂಬುತ್ತಾರೆ. ನಾನೂ ಕೆಲವು ವರ್ಷ ನಂಬಿದ್ದೆ, ಇಬ್ಬರು ಗೆಳತಿಯರಿಗೆ ಕಳಿಸಿಯೂ ಇದ್ದೆ. ಆದರೆ ಅದರಲ್ಲಿರುವ ಸಲಹೆ ಸರಿಯಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತಾನು ಇದನ್ನು ಒಪ್ಪುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಓದಬೇಕು ಅನ್ನುವವರು ಅವರ ವೆಬ್‌ಸೈಟ್ heart.org ನಲ್ಲಿ Cough CPR ಎಂದು ಹುಡುಕಿ. ಬ್ರಿಟಿಷ್ ಹಾರ್ಟ್ ಫೌಂಡೇಷನ್ ಕೂಡ ಇದಕ್ಕೆ ವೈದ್ಯಕೀಯ ಆಧಾರ ಇಲ್ಲ ಎಂದಿದೆ.

ಹಾಗಂತ ಇದು ಪೂರ್ತಿ ಕಟ್ಟುಕಥೆಯೂ ಅಲ್ಲ. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳದ ಪರೀಕ್ಷೆ ನಡೆಯುವಾಗ ಕೆಲವೊಮ್ಮೆ ಬಡಿತ ಇದ್ದಕ್ಕಿದ್ದಂತೆ ತಾಳ ತಪ್ಪುತ್ತದೆ. ರೋಗಿಗೆ ಇನ್ನೂ ಎಚ್ಚರ ಇದ್ದರೆ ಡಾಕ್ಟರು ಜೋರಾಗಿ ಕೆಮ್ಮಿ ಎನ್ನುತ್ತಾರೆ. ಕೆಮ್ಮಿದಾಗ ಎದೆಯೊಳಗೆ ಒತ್ತಡ ಹೆಚ್ಚಿ ಸ್ವಲ್ಪ ರಕ್ತ ಮೆದುಳಿಗೆ ಹೋಗುತ್ತದೆ, ಕೆಲವು ಸೆಕೆಂಡು ಎಚ್ಚರ ಉಳಿಯುತ್ತದೆ. ಅಷ್ಟರಲ್ಲಿ ಡಾಕ್ಟರು ಚಿಕಿತ್ಸೆ ಕೊಡುತ್ತಾರೆ. ಇಸಿಜಿ ಕಣ್ಣೆದುರೇ ಓಡುತ್ತಿರುತ್ತದೆ, ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ಮನೆಯಲ್ಲಿ ಒಬ್ಬರೇ ಇರುವವರಿಗೆ ಇದೇನೂ ಇರುವುದಿಲ್ಲ ಅಲ್ವಾ.

ಇನ್ನೊಂದು ಮುಖ್ಯ ವಿಷಯ. ಆ ಮೆಸೇಜಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಹೋಗಿವೆ. ಹಾರ್ಟ್ ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಮುಚ್ಚಿಕೊಳ್ಳುವುದು. ಆಗ ಹೃದಯ ಸಾಮಾನ್ಯವಾಗಿ ಬಡಿಯುತ್ತಲೇ ಇರುತ್ತದೆ. ಎಷ್ಟು ಕೆಮ್ಮಿದರೂ ಆ ನಾಳ ತೆರೆಯುವುದಿಲ್ಲ. ಕಾರ್ಡಿಯಾಕ್ ಅರೆಸ್ಟ್ ಅಂದರೆ ಹೃದಯ ರಕ್ತ ಪಂಪ್ ಮಾಡುವುದನ್ನೇ ನಿಲ್ಲಿಸುವುದು. ಆಗ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಮ್ಮುವ ಮಾತೇ ಬರುವುದಿಲ್ಲ.

ನನಗೆ ಭಯ ಇರುವುದು ಹೊತ್ತಿನ ಬಗ್ಗೆ. ನಾಳ ಮುಚ್ಚಿದ ಮೇಲೆ ತಡವಾದಷ್ಟೂ ಹೃದಯದ ಸ್ನಾಯು ಜಾಸ್ತಿ ಸಾಯುತ್ತದೆ. ನಮ್ಮಲ್ಲಿ ಯಾರೋ ಒಬ್ಬರು ಫೋನ್ ಮಾಡುವುದು ಬಿಟ್ಟು ಕೆಮ್ಮುತ್ತಾ ಕೂತರೆ ಅನ್ನುವುದು ನೆನೆಸಿಕೊಂಡರೇ ಕಷ್ಟವಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆದೆ.

ಎದೆಯಲ್ಲಿ ಒತ್ತಿದ ಹಾಗೆ, ಹಿಂಡಿದ ಹಾಗೆ ಆದರೆ, ನೋವು ತೋಳಿಗೋ ಬೆನ್ನಿಗೋ ದವಡೆಗೋ ಹರಡಿದರೆ, ಉಸಿರು ಕಟ್ಟಿ ತಣ್ಣನೆ ಬೆವರು ಬಂದರೆ, ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿ. ಹೆಂಗಸರಲ್ಲಿ ಎದೆನೋವು ಅಷ್ಟಾಗಿ ಕಾಣದೆ ಬರೀ ಸುಸ್ತು, ವಾಕರಿಕೆ, ಬೆನ್ನುನೋವು ಇರಬಹುದು. ಗ್ಯಾಸ್ ಇರಬೇಕು ಎಂದು ಸುಮ್ನೆ ಕೂರಬೇಡಿ. ಬಾಗಿಲಿನ ಚಿಲಕ ತೆಗೆದಿಟ್ಟು ಕೂತುಕೊಳ್ಳಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಆಸ್ಪಿರಿನ್ ಅಗಿಯಬೇಕೋ ಬೇಡವೋ ಎಂದು ಫೋನಿನಲ್ಲಿ ಅವರನ್ನೇ ಕೇಳಿ, ಏಕೆಂದರೆ ಅದು ಎಲ್ಲರಿಗೂ ಆಗುವುದಿಲ್ಲ.

ಪಕ್ಕದಲ್ಲಿದ್ದವರು ಕುಸಿದು ಬಿದ್ದು ಎಚ್ಚರವಿಲ್ಲದೆ, ಉಸಿರೂ ಸರಿಯಾಗಿ ಇಲ್ಲದಿದ್ದರೆ, ಆಂಬುಲೆನ್ಸ್‌ಗೆ ಹೇಳಿ ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ. ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಒಳ್ಳೆಯದು. ತರಬೇತಿಗೆ ಯಾರು ಯಾರು ಬರುತ್ತೀರಿ ಹೇಳಿ, ನಾನು ವಿಚಾರಿಸುತ್ತೇನೆ.

ನಿನ್ನೆಯ ಮೆಸೇಜನ್ನು ಬೇರೆ ಗ್ರೂಪಿಗೆ ಕಳಿಸಿದ್ದರೆ ಇದನ್ನೂ ಅಲ್ಲಿಗೆ ಕಳಿಸಿ. ಮೇಲಿನ ಎರಡು ಸಾಲು ತೆಗೆದು ಬರೀ ವಿಷಯ ಕಳಿಸಿದರೂ ಸಾಕು.

ಚಿಕ್ಕಪ್ಪ, ನೀವು ಆ ಮಾತು ಎತ್ತಿದ್ದರಿಂದಲೇ ಇಷ್ಟೆಲ್ಲ ಮಾತಾಡುವ ಹಾಗಾಯಿತು. ಅತ್ತೆ, ಸಂಜೆ 6ಕ್ಕೆ ನಿಮಗೆ ಫೋನ್ ಮಾಡುತ್ತೇನೆ. ಆಂಬುಲೆನ್ಸ್ ನಂಬರನ್ನು ನಿಮ್ಮ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಸೇವ್ ಮಾಡಿಕೊಳ್ಳೋಣ. ಇನ್ನೊಂದು ಬೀಗದ ಕೈ ಪಕ್ಕದ ಮನೆಯಲ್ಲಿ ಕೊಡುವುದರ ಬಗ್ಗೆಯೂ ಆಗಲೇ ಮಾತಾಡೋಣ.